ಗುಮಾಸ್ತರ ವೈದ್ಯಕೀಯ ರಜೆ ಅರ್ಜಿ: ಚೀಟಿ, ತಾರೀಖು, ಕಡತ

ಸರ್ಕಾರಿ ಕಚೇರಿಗಳಲ್ಲಿ ‘ಮೆಡಿಕಲ್ ಲೀವ್’ ಎಂಬ ಮಾತು ದಿನವೂ ಕೇಳಿಬರುತ್ತದೆ. ಆದರೆ ಕರ್ನಾಟಕ ಸರ್ಕಾರಿ ನೌಕರರ ರಜೆ ಲೆಕ್ಕದಲ್ಲಿ ಆ ಹೆಸರಿನ ಖಾತೆಯೇ ಇಲ್ಲ. ಅಲ್ಲಿರುವುದು ಗಳಿಕೆ ರಜೆ ಮತ್ತು ಅರ್ಧ ವೇತನ ರಜೆ. ಅರ್ಧ ವೇತನ ರಜೆ ವರ್ಷಕ್ಕೆ 20 ದಿನದಂತೆ ಜಮಾ ಆಗುತ್ತದೆ. ವೈದ್ಯರ ಪ್ರಮಾಣಪತ್ರ ಕೊಟ್ಟರೆ ಅದನ್ನು ಪೂರ್ಣ ವೇತನದ ರಜೆಯಾಗಿ ಬದಲಾಯಿಸಿಕೊಳ್ಳಬಹುದು. ಇದೇ ಪರಿವರ್ತಿತ ರಜೆ. ಒಂದು ದಿನ ಪರಿವರ್ತಿತ ರಜೆ ಪಡೆದರೆ ಖಾತೆಯಿಂದ ಎರಡು ದಿನ ಕಳೆಯುತ್ತಾರೆ. ಹಾಗಾಗಿ ‘ವೈದ್ಯಕೀಯ ರಜೆ ಮಂಜೂರು ಮಾಡಿ’ ಎಂದಷ್ಟೇ ಬರೆದ ಅರ್ಜಿಗೆ, ಯಾವ ಖಾತೆಯಿಂದ ಎಂಬ ಪ್ರಶ್ನೆ ಹೊತ್ತ ಟಿಪ್ಪಣಿ ಹಿಂದೆಯೇ ಬರುತ್ತದೆ.

ಒಂದು ಉದಾಹರಣೆಯಿಂದ ಇದು ತಿಳಿಯಾಗುತ್ತದೆ. ತಾಲ್ಲೂಕು ಕಚೇರಿಯ ಸಿಬ್ಬಂದಿ ಶಾಖೆಯ ದ್ವಿತೀಯ ದರ್ಜೆ ಸಹಾಯಕಿಯೊಬ್ಬರಿಗೆ ಪಿತ್ತಕೋಶದ ಕಲ್ಲಿಗೆ ಶಸ್ತ್ರಚಿಕಿತ್ಸೆ ಆಗಬೇಕಿದೆ ಎಂದುಕೊಳ್ಳೋಣ. ಜೂನ್ 2, ಸೋಮವಾರ ಆಸ್ಪತ್ರೆಗೆ ಸೇರಬೇಕು. ಅಂದಿನಿಂದ 21 ದಿನ ವಿಶ್ರಾಂತಿ ಅಗತ್ಯ ಎಂದು ವೈದ್ಯರು ಬರೆದುಕೊಟ್ಟಿದ್ದಾರೆ. ಖಾತೆಯಲ್ಲಿ ಅರ್ಧ ವೇತನ ರಜೆ ಉಳಿದಿರುವುದು 30 ದಿನ. ಅದನ್ನು ಪರಿವರ್ತಿಸಿದರೆ 15 ದಿನ ಮಾತ್ರ ಸಿಗುತ್ತದೆ, ಉಳಿದ 6 ದಿನಕ್ಕೆ ಗಳಿಕೆ ರಜೆ ಕೇಳಬೇಕು. ಸಾಂದರ್ಭಿಕ ರಜೆಯನ್ನು ಇದರ ಜೊತೆ ಜೋಡಿಸಲು ಬರುವುದಿಲ್ಲ. ಅರ್ಜಿ ಬರೆಯುವ ಮೊದಲು ಸೇವಾ ವಹಿಯಲ್ಲಿನ ರಜೆ ಲೆಕ್ಕವನ್ನು ಒಮ್ಮೆ ನೋಡಿಕೊಂಡರೆ ಈ ವಿಂಗಡಣೆಯನ್ನು ಅವರೇ ಮಾಡಿಕೊಡಬಹುದು.

ಇನ್ನು ವೈದ್ಯರ ಚೀಟಿ. ಔಷಧಿ ಬರೆದ ಚೀಟಿಯ ಮೂಲೆಯಲ್ಲಿ ‘ವಿಶ್ರಾಂತಿ ಬೇಕು’ ಎಂದಿದ್ದರೆ ಅದು ಪ್ರಮಾಣಪತ್ರವಾಗುವುದಿಲ್ಲ. ವೈದ್ಯರ ವೃತ್ತಿ ನಡವಳಿಕೆ ಕುರಿತ 2002ರ ನಿಯಮಾವಳಿಯಲ್ಲಿ ಇದಕ್ಕೊಂದು ನಮೂನೆಯಿದೆ. ರೋಗಿ ವೈದ್ಯರ ಎದುರಿನಲ್ಲೇ ಸಹಿ ಹಾಕಬೇಕು, ಗುರುತಿನ ಚಿಹ್ನೆ ನಮೂದಾಗಬೇಕು. ಏನು ಕಾಯಿಲೆ, ಎಂದಿನಿಂದ ಎಷ್ಟು ದಿನ ಕೆಲಸಕ್ಕೆ ಬರಬಾರದು ಎಂಬುದು ಸ್ಪಷ್ಟವಿರಬೇಕು. ಕೆಳಗೆ ವೈದ್ಯರ ಸಹಿ ಮತ್ತು ನೋಂದಣಿ ಸಂಖ್ಯೆ ಇರಬೇಕು. ಕೊಟ್ಟ ಪ್ರಮಾಣಪತ್ರಗಳ ವಿವರವನ್ನು ವೈದ್ಯರು ಒಂದು ವಹಿಯಲ್ಲಿ ಬರೆದಿಟ್ಟುಕೊಳ್ಳಬೇಕೆಂದೂ ಅದೇ ನಿಯಮಾವಳಿ ಹೇಳುತ್ತದೆ. ತಿಂಗಳ ಹಿಂದಿನ ತಾರೀಖು ಹಾಕಿಸಿಕೊಂಡು ತಂದ ಚೀಟಿ ಸಿಕ್ಕಿಬೀಳುವುದಕ್ಕೆ ಈ ವಹಿಯೂ ಒಂದು ದಾರಿ. ಅನುಮಾನ ಬಂದರೆ ಮಂಜೂರು ಮಾಡುವ ಅಧಿಕಾರಿ ಎರಡನೇ ವೈದ್ಯಕೀಯ ಅಭಿಪ್ರಾಯ ಕೇಳಬಹುದು. ಚೀಟಿ ಇದೆ ಎಂದ ಮಾತ್ರಕ್ಕೆ ರಜೆ ಹಕ್ಕಾಗುವುದಿಲ್ಲ. ಚೀಟಿಯಲ್ಲೇ ಕಾಯಿಲೆಯ ಹೆಸರು ಇರುವುದರಿಂದ, ನೋವಿನ ಕಥೆಯನ್ನು ಅರ್ಜಿಯಲ್ಲಿ ಮತ್ತೆ ಹೇಳಬೇಕಾಗಿಲ್ಲ.

ಅರ್ಜಿಗಳು ಹೆಚ್ಚು ಎಡವುವುದು ತಾರೀಖಿನ ಎಣಿಕೆಯಲ್ಲಿ. ಜೂನ್ 2ರಿಂದ 21 ದಿನವೆಂದರೆ ಮೊದಲ ದಿನವೂ ಸೇರಿ ಜೂನ್ 22ರವರೆಗೆ. ಅವಸರದಲ್ಲಿ ಎರಡಕ್ಕೆ ಇಪ್ಪತ್ತೊಂದು ಕೂಡಿ 23ರವರೆಗೆ ಎಂದು ಬರೆದರೆ 22 ದಿನವಾಗುತ್ತದೆ, ಚೀಟಿಗೂ ಅರ್ಜಿಗೂ ತಾಳೆಯಾಗುವುದಿಲ್ಲ. ನಡುವೆ ಬರುವ ಭಾನುವಾರ, ಎರಡನೇ ಶನಿವಾರಗಳೂ ರಜೆಯ ಲೆಕ್ಕಕ್ಕೇ ಸೇರುತ್ತವೆ. ಹಿಂದಿನ ದಿನವಾದ ಜೂನ್ 1 ಭಾನುವಾರ. ಅದನ್ನು ರಜೆಯ ಹಿಂದೆ ಸೇರಿಸಿಕೊಳ್ಳಲು ಅನುಮತಿ ಕೇಳಬೇಕು. ಚಿಕಿತ್ಸೆ ಬೇರೆ ಊರಿನಲ್ಲಾದರೆ ಕೇಂದ್ರಸ್ಥಾನ ಬಿಡಲು ಅನುಮತಿಯನ್ನೂ ಕೋರಿ, ರಜೆಯಲ್ಲಿ ಸಿಗುವ ವಿಳಾಸ ಮತ್ತು ಫೋನ್ ನಂಬರ್ ಕೊಡಬೇಕು. ಇಷ್ಟೂ ಸೇರಿದರೆ ಅರ್ಜಿಯ ಮುಖ್ಯ ಭಾಗ ಹೀಗಾಗುತ್ತದೆ:

‘ನನಗೆ ಶಸ್ತ್ರಚಿಕಿತ್ಸೆ ನಡೆಯಲಿರುವುದರಿಂದ, ಲಗತ್ತಿಸಿರುವ ವೈದ್ಯಕೀಯ ಪ್ರಮಾಣಪತ್ರದಂತೆ ದಿನಾಂಕ 2-6ರಿಂದ 16-6ರವರೆಗೆ 15 ದಿನ ಪರಿವರ್ತಿತ ರಜೆ ಹಾಗೂ 17-6ರಿಂದ 22-6ರವರೆಗೆ 6 ದಿನ ಗಳಿಕೆ ರಜೆ ಮಂಜೂರು ಮಾಡಲು ಕೋರುತ್ತೇನೆ. ವೈದ್ಯರು ಅರ್ಹಳೆಂದು ಪ್ರಮಾಣೀಕರಿಸಿದಲ್ಲಿ 23-6ರ ಪೂರ್ವಾಹ್ನ ಕರ್ತವ್ಯಕ್ಕೆ ಹಾಜರಾಗುತ್ತೇನೆ. ಬಾಕಿ ಕಡತಗಳ ಪಟ್ಟಿಯನ್ನು ಲಗತ್ತಿಸಿದೆ.’

‘ಅರ್ಹಳೆಂದು ಪ್ರಮಾಣೀಕರಿಸಿದಲ್ಲಿ’ ಎಂಬ ಷರತ್ತು ಸುಮ್ಮನೆ ಹಾಕಿದ್ದಲ್ಲ. ವಾಪಸಾಗುವ ದಿನ ಒಂದು ಅಂದಾಜು. ಅದು ತಪ್ಪಬಹುದು ಎಂಬುದು ಮೊದಲೇ ಕಾಗದದ ಮೇಲಿದ್ದರೆ, ಆ ಸೋಮವಾರ ಮುಖ್ಯವಾದ ಸಭೆಯೊಂದರ ತಯಾರಿಯನ್ನು ಇವರ ತಲೆಗೆ ಕಟ್ಟುವ ಮುನ್ನ ಶಿರಸ್ತೇದಾರರು ಯೋಚಿಸುತ್ತಾರೆ.

ಕಡತಗಳ ಪಟ್ಟಿಗೆ ಸಿಗಬೇಕಾದಷ್ಟು ಗಮನ ಸಿಗುವುದಿಲ್ಲ. ‘ನನ್ನ ಕೆಲಸವನ್ನು ಸಹೋದ್ಯೋಗಿಗಳು ನೋಡಿಕೊಳ್ಳುತ್ತಾರೆ’ ಎಂದು ಬರೆದು ಮುಗಿಸುವವರೇ ಹೆಚ್ಚು. ಸಹೋದ್ಯೋಗಿಗಳು ಎಂದರೆ ಯಾರೂ ಅಲ್ಲ ಎಂದೇ ಅರ್ಥ. ಮೇಜಿನ ಮೇಲಿರುವ ಎಲ್ಲ ಕಡತಗಳನ್ನೂ ಪಟ್ಟಿ ಮಾಡುವುದು ಕೂಡ ಪ್ರಯೋಜನಕ್ಕೆ ಬಾರದು. ರಜೆಯ ಅವಧಿಯೊಳಗೆ ಗಡುವು ಮುಗಿಯುವ ಕಡತಗಳು ಪಟ್ಟಿಯ ತಲೆಯಲ್ಲಿರಬೇಕು. ಈ ಸಹಾಯಕಿಯ ಬಳಿ ಅಂಥವು ಎರಡಿವೆ ಎನ್ನೋಣ. ಮೊದಲನೆಯದು ಮೇ 12ರಂದು ಬಂದ ಮಾಹಿತಿ ಹಕ್ಕು ಅರ್ಜಿ. 30 ದಿನದ ಲೆಕ್ಕದಲ್ಲಿ ಜೂನ್ 11ರೊಳಗೆ ಉತ್ತರ ಹೋಗಬೇಕು. ತಡವಾದರೆ ದಿನಕ್ಕೆ 250 ರೂಪಾಯಿಯಂತೆ ದಂಡ ಬೀಳುವುದು ಸಾರ್ವಜನಿಕ ಮಾಹಿತಿ ಅಧಿಕಾರಿಗೆ, ಕಡತ ಇರುವುದು ಮಾತ್ರ ಗುಮಾಸ್ತರ ಬೀರುವಿನಲ್ಲಿ. ಎರಡನೆಯದು ಜೂನ್ 30ಕ್ಕೆ ನಿವೃತ್ತರಾಗುವ ನೌಕರರೊಬ್ಬರ ಪಿಂಚಣಿ ಕಾಗದಪತ್ರ.

ಪಟ್ಟಿಯಲ್ಲಿ ಕಡತದ ಸಂಖ್ಯೆ ಮತ್ತು ವಿಷಯದ ಜೊತೆಗೆ ಕಡತ ಯಾವ ಹಂತದಲ್ಲಿದೆ, ಮುಂದಿನ ಕೆಲಸವೇನು, ಎಂದಿಗೆ, ಯಾರಿಗೆ ಕೊಟ್ಟಿದೆ ಎಂಬುದಿರಬೇಕು. ಮಾಹಿತಿ ಹಕ್ಕಿನ ಕಡತದ ಮುಂದೆ ‘ಬಾಕಿ’ ಎಂದು ಬರೆದರೆ ವಹಿಸಿಕೊಂಡವರಿಗೆ ಏನೂ ತಿಳಿಯದು. ‘ಉತ್ತರದ ಕರಡು ಸಿದ್ಧ, ಭೂಮಾಪನ ಶಾಖೆಯಿಂದ ನಕ್ಷೆಯ ಪ್ರತಿ ಬರಬೇಕು, ಜೂನ್ 11ರೊಳಗೆ ರವಾನೆ’ ಎಂದಿದ್ದರೆ ಆ ವಿಷಯ ಗೊತ್ತಿಲ್ಲದವರೂ ಕೆಲಸ ಮುಗಿಸಬಲ್ಲರು. ಪಟ್ಟಿಯ ಕೊನೆಗೆ ವಹಿಸಿಕೊಂಡವರ ಸಹಿಯೂ ಬೇಕು. ಹಂಚಿಕೆ ಮಾಡುವ ಅಧಿಕಾರ ಶಿರಸ್ತೇದಾರರದು ಅಥವಾ ವ್ಯವಸ್ಥಾಪಕರದು. ಗುಮಾಸ್ತರು ಹೆಸರು ಸೂಚಿಸಬಹುದಷ್ಟೆ. ಬೀರುವಿನ ಕೀಲಿಕೈ ಯಾರ ಬಳಿ ಎಂಬುದು ಚಿಲ್ಲರೆ ವಿಷಯದಂತೆ ಕಂಡರೂ ಪಟ್ಟಿಯಲ್ಲಿ ಇರಲೇಬೇಕು. ಇ-ಆಫೀಸ್ ಇರುವ ಕಚೇರಿಗಳಲ್ಲಿ ಕೀಲಿಕೈಯ ಜಾಗದಲ್ಲಿ ಲಾಗಿನ್ ಇದೆ. ಪಾಸ್‌ವರ್ಡನ್ನು ಪಕ್ಕದ ಮೇಜಿನವರಿಗೆ ಹೇಳಿ ಹೋಗುವುದು ಸುಲಭ, ಆದರೆ ಆಮೇಲೆ ನಡೆಯುವ ಪ್ರತಿ ಟಿಪ್ಪಣಿಯೂ ರಜೆಯಲ್ಲಿರುವವರ ಹೆಸರಿನಲ್ಲೇ ದಾಖಲಾಗುತ್ತದೆ. ಕಡತವನ್ನು ಮೊದಲೇ ಮೇಲಿನವರಿಗೆ ಕಳುಹಿಸಿಬಿಡುವುದೇ ಸರಿ.

ದಿಢೀರನೆ ಆಸ್ಪತ್ರೆ ಸೇರಿದವರಿಂದ ಇಷ್ಟೆಲ್ಲ ನಿರೀಕ್ಷಿಸಲಾಗದು. ಆಗ ಮನೆಯವರ ಮೂಲಕ ಎರಡು ಸಾಲಿನ ಪತ್ರ ಅಂದೇ ತಲುಪಿಸಿ, ಪ್ರಮಾಣಪತ್ರ ಮತ್ತು ಪೂರ್ಣ ಅರ್ಜಿಯನ್ನು ಆದಷ್ಟು ಬೇಗ ಕೊಡುವುದು ರೂಢಿ. ಗಡುವಿನ ಕಡತಗಳನ್ನು ಫೋನಿನಲ್ಲಿ ಹೇಳಿದರೂ ಸಾಕು. ಶಿರಸ್ತೇದಾರರು ಬೀರು ತೆಗೆಸಿ ಪಟ್ಟಿ ಬರೆಸಿಕೊಳ್ಳುತ್ತಾರೆ.

ಜೂನ್ 22ರ ಹೊತ್ತಿಗೂ ಗಾಯ ಮಾಯದಿದ್ದರೆ, ಅವಧಿ ಮುಗಿಯುವ ಮೊದಲೇ ಹೊಸ ಪ್ರಮಾಣಪತ್ರದೊಂದಿಗೆ ವಿಸ್ತರಣೆ ಕೇಳಬೇಕು. ಹೊಸ ಚೀಟಿ 23ರಿಂದಲೇ ಶುರುವಾಗಬೇಕು. 25ರಿಂದ ಎಂದಿದ್ದರೆ ನಡುವಿನ ಎರಡು ದಿನ ಅನಧಿಕೃತ ಗೈರುಹಾಜರಿಯಾಗುವ ಅಪಾಯವಿದೆ, ಆ ದಿನಗಳ ಸಂಬಳವೂ ಕೈತಪ್ಪಬಹುದು. ಗುಣವಾದರೆ ಫಿಟ್‌ನೆಸ್ ಪ್ರಮಾಣಪತ್ರ ತರಬೇಕು. ವೈದ್ಯಕೀಯ ಕಾರಣಕ್ಕೆ ರಜೆ ಹೋದವರನ್ನು ಅದಿಲ್ಲದೆ ಕೆಲಸಕ್ಕೆ ಸೇರಿಸಿಕೊಳ್ಳುವಂತಿಲ್ಲ. ಅದನ್ನು ಲಗತ್ತಿಸಿ ಹಾಜರಾತಿ ವರದಿ ಕೊಟ್ಟು, ಅದೇ ಪಟ್ಟಿಯ ಪ್ರಕಾರ ಕಡತಗಳನ್ನು ಮರಳಿ ಪಡೆದು, ಯಾವುದು ವಿಲೇವಾರಿಯಾಗಿದೆ, ಯಾವುದು ಉಳಿದಿದೆ ಎಂದು ಗುರುತು ಹಾಕಿಕೊಳ್ಳಬೇಕು. ಮಂಜೂರಾತಿ ಆದೇಶ ಬಂದ ಮೇಲೆ ಸೇವಾ ವಹಿಯಲ್ಲಿ ಅರ್ಧ ವೇತನ ರಜೆಯಿಂದ 30 ದಿನ, ಗಳಿಕೆ ರಜೆಯಿಂದ 6 ದಿನ ಕಳೆದಿದೆಯೇ ಎಂದು ನೋಡಿಕೊಳ್ಳುವುದು ಕೊನೆಯ ಕೆಲಸ.