ತುರ್ತು ಗರ್ಭನಿರೋಧಕ ಮಾತ್ರೆ

ತುರ್ತು ಗರ್ಭನಿರೋಧಕ ಮಾತ್ರೆಯು ಅಸುರಕ್ಷಿತ ಸಂಭೋಗದ ನಂತರ ಗರ್ಭಧಾರಣೆಯನ್ನು ತಡೆಯಲು ಸೇವಿಸುವ ಔಷಧವಾಗಿದೆ. ಭಾರತದಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವುದು 1.5 ಮಿಲಿಗ್ರಾಂ ಲೆವೊನೋರ್ಜೆಸ್ಟ್ರೆಲ್ ಹಾರ್ಮೋನಿನ ಒಂದೇ ಮಾತ್ರೆ. ಇದು ವೈದ್ಯರ ಚೀಟಿಯಿಲ್ಲದೆ ಔಷಧದ ಅಂಗಡಿಯಲ್ಲಿ ದೊರೆಯುತ್ತದೆ.

ಸೇವನೆಯ ಸಮಯ

ಈ ಮಾತ್ರೆಯನ್ನು 72 ಗಂಟೆಗಳೊಳಗೆ ಸೇವಿಸಬೇಕು. ಆದರೆ ಆ ಅವಧಿಯುದ್ದಕ್ಕೂ ಪರಿಣಾಮ ಒಂದೇ ಸಮನಾಗಿರುತ್ತದೆಂದು ಭಾವಿಸುವುದು ತಪ್ಪು. ಮಾತ್ರೆಯು ಅಂಡಾಶಯದಿಂದ ಅಂಡಾಣು ಬಿಡುಗಡೆಯಾಗುವುದನ್ನು ಮುಂದೂಡುತ್ತದೆ. ಬಿಡುಗಡೆಗೆ ಪ್ರಚೋದನೆ ನೀಡುವ ಲ್ಯೂಟಿನೈಸಿಂಗ್ ಹಾರ್ಮೋನು ರಕ್ತದಲ್ಲಿ ಏರತೊಡಗಿದ ಮೇಲೆ ಅದನ್ನು ತಡೆಯಲು ಲೆವೊನೋರ್ಜೆಸ್ಟ್ರೆಲ್‌ಗೆ ಸಾಧ್ಯವಾಗುವುದಿಲ್ಲ. ಆದ್ದರಿಂದ ಬೇಗ ನುಂಗಿದಷ್ಟೂ ಒಳ್ಳೆಯದು. ಈಗಾಗಲೇ ನೆಲೆಗೊಂಡ ಗರ್ಭವನ್ನು ಇದು ತೆಗೆಯುವುದಿಲ್ಲ. ಯುಲಿಪ್ರಿಸ್ಟಲ್ ಅಸಿಟೇಟ್ ಎಂಬ ಮತ್ತೊಂದು ಔಷಧವು (30 ಮಿಲಿಗ್ರಾಂ) ಆ ಏರಿಕೆ ಆರಂಭವಾದ ನಂತರವೂ, ಅದು ಶಿಖರ ಮುಟ್ಟುವ ಮೊದಲು, ಕೆಲಸ ಮಾಡಬಲ್ಲದು. ಅದರ ಅವಧಿ 120 ಗಂಟೆ.

ದೇಹತೂಕ

ಹೆಚ್ಚು ತೂಕವಿರುವವರಲ್ಲಿ ಅದೇ ಪ್ರಮಾಣದ ಲೆವೊನೋರ್ಜೆಸ್ಟ್ರೆಲ್ ರಕ್ತದಲ್ಲಿ ಕಡಿಮೆ ಮಟ್ಟಕ್ಕೆ ಏರುತ್ತದೆ. ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿಯು 70 ಕಿಲೋಗ್ರಾಂಗಿಂತ ಅಧಿಕ ತೂಕ ಅಥವಾ 26ಕ್ಕಿಂತ ಅಧಿಕ ದೇಹ ದ್ರವ್ಯರಾಶಿ ಸೂಚ್ಯಂಕ ಇರುವವರಲ್ಲಿ ಪರಿಣಾಮ ಕುಂದಬಹುದೆಂದು ಎಚ್ಚರಿಸುತ್ತದೆ. ಇದು ಖಚಿತ ಗೆರೆಯಲ್ಲ. 71 ಕಿಲೋ ತೂಕದವರಿಗೆ ಮಾತ್ರೆ ನಿಷ್ಫಲವೆಂದು ಅರ್ಥವಲ್ಲ. ಬೇರೆ ಉಪಾಯ ದೊರೆಯದಿದ್ದಾಗ ತೂಕದ ಕಾರಣಕ್ಕೆ ಮಾತ್ರೆಯನ್ನೇ ಬಿಡುವುದು ಸರಿಯಲ್ಲ.

ಇತರ ಔಷಧಗಳೊಂದಿಗೆ ಪ್ರತಿಕ್ರಿಯೆ

ಕೆಲವು ಔಷಧಗಳು ಯಕೃತ್ತಿನ ಕಿಣ್ವಗಳನ್ನು ಹೆಚ್ಚಿಸಿ ಹಾರ್ಮೋನನ್ನು ಬೇಗನೆ ಒಡೆಯುತ್ತವೆ. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್, ಎಚ್‌ಐವಿಗೆ ಕೊಡುವ ಎಫವಿರೆಂಜ್ ಹಾಗೂ ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಈ ಗುಂಪಿಗೆ ಸೇರಿವೆ. ಅಮಾಕ್ಸಿಸಿಲಿನ್‌ನಂತಹ ಸಾಮಾನ್ಯ ಪ್ರತಿಜೀವಕಗಳಿಂದ ಈ ತೊಂದರೆಯಿಲ್ಲ.

ಭಾರತದಲ್ಲಿ ಗಮನಿಸಬೇಕಾದುದು ರಿಫಾಂಪಿಸಿನ್. ಕ್ಷಯದ ಚಿಕಿತ್ಸೆಯಲ್ಲಿ ಹಲವು ಔಷಧಗಳನ್ನು ಒಂದೇ ಗುಳಿಗೆಯಲ್ಲಿ ಸೇರಿಸಿ ಕೊಡುವುದರಿಂದ ಅದರ ಹೆಸರು ರೋಗಿಗೆ ತಿಳಿದಿರದೆ ಇರಬಹುದು. ಮೂತ್ರ ಕಿತ್ತಳೆ-ಕೆಂಪು ಬಣ್ಣಕ್ಕೆ ತಿರುಗುವುದು ಅದರ ಗುರುತು. ಉದಾಹರಣೆಗೆ, ಚಿಕಿತ್ಸೆಯ ಮೂರನೆಯ ತಿಂಗಳಲ್ಲಿರುವ ಮಹಿಳೆಯೊಬ್ಬರು ಸಂಭೋಗದ ಮರುದಿನವೇ ಒಂದು ಮಾತ್ರೆ ನುಂಗಿದರೂ ಸಾಕಷ್ಟು ರಕ್ಷಣೆ ದೊರೆಯದಿರಬಹುದು. ಅವರಿಗೆ ಯುಲಿಪ್ರಿಸ್ಟಲ್ ಕೂಡ ಸೂಕ್ತವಲ್ಲ, ಅದೂ ಅದೇ ರೀತಿ ಒಡೆಯುತ್ತದೆ. ಐದು ದಿನಗಳೊಳಗೆ ಆಸ್ಪತ್ರೆಯಲ್ಲಿ ಕಾಪರ್-ಟಿ (ವಂಕಿ) ಅಳವಡಿಸಿಕೊಳ್ಳುವುದು ಅವರಿಗೆ ಉತ್ತಮ ಮಾರ್ಗ, ಏಕೆಂದರೆ ತಾಮ್ರದ ಕ್ರಿಯೆಗೆ ತೂಕವಾಗಲಿ ಔಷಧವಾಗಲಿ ಅಡ್ಡಿಯಾಗದು. ಅದು ಸಾಧ್ಯವಾಗದಿದ್ದರೆ ಎರಡು ಲೆವೊನೋರ್ಜೆಸ್ಟ್ರೆಲ್ ಮಾತ್ರೆಗಳನ್ನು ಒಟ್ಟಿಗೆ, ಅಂದರೆ 3 ಮಿಲಿಗ್ರಾಂ, ಸೇವಿಸಲು 2016ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಕರು ಸಲಹೆ ನೀಡಿದರು. ಇದರ ಪರಿಣಾಮಕ್ಕೆ ಪುರಾವೆ ಸೀಮಿತ. ಕ್ಷಯದ ಔಷಧವನ್ನು ಈ ಕಾರಣಕ್ಕೆ ನಿಲ್ಲಿಸಬಾರದು. ನಿಲ್ಲಿಸಿದರೂ ಕಿಣ್ವಗಳ ಪ್ರಭಾವ ಸುಮಾರು ನಾಲ್ಕು ವಾರ ಉಳಿಯುತ್ತದೆ.

ಮಾತ್ರೆ ನುಂಗಿದ ಮೂರು ಗಂಟೆಯೊಳಗೆ ವಾಂತಿಯಾದರೆ ಮತ್ತೊಮ್ಮೆ ಸೇವಿಸಬೇಕು. ಮುಟ್ಟು ನಿರೀಕ್ಷಿತ ದಿನಕ್ಕಿಂತ ಒಂದು ವಾರಕ್ಕೂ ಹೆಚ್ಚು ತಡವಾದರೆ ಗರ್ಭಪರೀಕ್ಷೆ ಮಾಡಿಸಿಕೊಳ್ಳಬೇಕು.