ಮ್ಯಾಗ್ನೆಟ್ ಅಂಟದಿದ್ದರೆ ಒಳ್ಳೇ ಸ್ಟೀಲಾ? ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆ ಮತ್ತು ಉತ್ತರ

ಜಯನಗರ 4ನೇ ಬ್ಲಾಕ್‌ನಲ್ಲೋ ಬನಶಂಕರಿಯಲ್ಲೋ ಪಾತ್ರೆ ಅಂಗಡಿಗೆ ಹೋದರೆ ಈ ಮಾತು ಕೇಳಿರುತ್ತೀರಿ: "ಮ್ಯಾಗ್ನೆಟ್ ಇಟ್ಟು ನೋಡಿ, ಹಿಡಿಯಲ್ಲ. ಒರಿಜಿನಲ್ ಸ್ಟೀಲ್." ನಾವೂ ನಂಬಿ ದುಡ್ಡು ಕೊಟ್ಟು ಬರುತ್ತೇವೆ. ಕಣ್ಣೆದುರೇ ಪರೀಕ್ಷೆ ಆಯ್ತಲ್ಲ, ಇನ್ನೇನು ಬೇಕು? ಆದರೆ ಆ ಪರೀಕ್ಷೆ ನಿಜಕ್ಕೂ ಏನನ್ನು ಅಳೆಯುತ್ತೆ ಅಂತ ಕೇಳುವವರು ಕಡಿಮೆ.

ಕೇಳಿದ್ದು ಒಂಬತ್ತನೇ ತರಗತಿಯ ಹುಡುಗಿ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಬನಶಂಕರಿಯ ಒಂದು ಶಾಲೆಯಲ್ಲಿ ಮ್ಯಾಗ್ನೆಟ್ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದರು. ಮೊಳೆ, ತಾಮ್ರದ ತಂತಿ, ಅಲ್ಯೂಮಿನಿಯಂ ಡಬ್ಬಿ, ಸ್ಟೀಲ್ ಲೋಟ ಇಟ್ಟುಕೊಂಡು ಹೋಗಿದ್ದೆ. ಮೊಳೆ ಮಾತ್ರ ಅಂಟಿತು. ಆಕೆ ಎದ್ದು ನಿಂತು, "ಸ್ಟೀಲ್ ಅಂದ್ರೆ ಕಬ್ಬಿಣ ತಾನೇ ಸರ್, ಲೋಟ ಯಾಕೆ ಅಂಟಲಿಲ್ಲ?" ಅಂದಳು. ಪ್ರಶ್ನೆ ಸರಿಯಾದ ಜಾಗಕ್ಕೇ ಬಿದ್ದಿತ್ತು. ಆ ಲೋಟದ ತೂಕದಲ್ಲಿ ಸುಮಾರು 70% ಕಬ್ಬಿಣವೇ. ಅಂದರೆ ಕಬ್ಬಿಣ ಇದ್ದರಷ್ಟೇ ಸಾಲದು, ಬೇರೆ ಏನೋ ಬೇಕು. ಅಲ್ಲಿ ಮಕ್ಕಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪ್ರತಿಯೊಂದು ಎಲೆಕ್ಟ್ರಾನ್ ಕೂಡ ಒಂದು ಪುಟಾಣಿ ಮ್ಯಾಗ್ನೆಟ್. ಹಾಗಾದರೆ ಜಗತ್ತಿನ ಎಲ್ಲ ವಸ್ತುವೂ ಮ್ಯಾಗ್ನೆಟ್‌ಗೆ ಅಂಟಬೇಕಿತ್ತು. ಅಂಟುವುದಿಲ್ಲ, ಯಾಕೆಂದರೆ ಪರಮಾಣುವಿನೊಳಗೆ ಎಲೆಕ್ಟ್ರಾನ್‌ಗಳು ಹೆಚ್ಚಾಗಿ ಜೋಡಿಯಾಗಿರುತ್ತವೆ. ಜೋಡಿಯಲ್ಲಿ ಒಂದರ ಮುಖ ಮೇಲಕ್ಕಿದ್ದರೆ ಇನ್ನೊಂದರದು ಕೆಳಕ್ಕೆ, ಎರಡರ ಬಲವೂ ವಜಾ. ಕಬ್ಬಿಣದಲ್ಲಿ ಹಾಗೆ ಜೋಡಿ ಸಿಗದ ಎಲೆಕ್ಟ್ರಾನ್‌ಗಳು ಉಳಿಯುತ್ತವೆ.

ಆದರೆ ಒಂಟಿ ಎಲೆಕ್ಟ್ರಾನ್ ಇದ್ದರೂ ಸಾಲದು. ಅಲ್ಯೂಮಿನಿಯಂ ಪರಮಾಣುವಿನಲ್ಲೂ ಒಂದು ಒಂಟಿ ಇದೆ, ಆದರೂ ಡಬ್ಬಿ ಅಲುಗಾಡಲಿಲ್ಲ. ಕಬ್ಬಿಣದ ವಿಶೇಷ ಏನೆಂದರೆ, ಪಕ್ಕಪಕ್ಕದ ಪರಮಾಣುಗಳು ಒಂದನ್ನೊಂದು ನೋಡಿ ಒಂದೇ ದಿಕ್ಕಿಗೆ ಮುಖ ಮಾಡುತ್ತವೆ. ಈ ಒಗ್ಗಟ್ಟು ಒಂದರ ಕಾಂತಬಲ ಇನ್ನೊಂದನ್ನು ಎಳೆಯುವುದರಿಂದ ಬಂದದ್ದಲ್ಲ, ಆ ಬಲ ತೀರಾ ಚಿಕ್ಕದು. ಎಲೆಕ್ಟ್ರಾನ್‌ಗಳ ನಡುವಿನ ವಿದ್ಯುತ್ ತಳ್ಳಾಟ ಮತ್ತು ಕ್ವಾಂಟಂ ನಿಯಮ ಸೇರಿ ಹುಟ್ಟಿಸಿದ್ದು. ಪರಮಾಣುಗಳ ನಡುವಿನ ದೂರ, ಅವು ಜೋಡಣೆಯಾಗಿರುವ ರೀತಿ ಕೊಂಚ ಬದಲಾದರೂ ಈ ಒಗ್ಗಟ್ಟು ಮುರಿದುಬೀಳುತ್ತೆ. ಸಾಮಾನ್ಯ ಉಷ್ಣಾಂಶದಲ್ಲಿ ಇದನ್ನು ಉಳಿಸಿಕೊಳ್ಳುವ ಶುದ್ಧ ಲೋಹಗಳಲ್ಲಿ ನಮಗೆ ಪರಿಚಿತವಾದವು ಮೂರೇ: ಕಬ್ಬಿಣ, ನಿಕ್ಕಲ್, ಕೋಬಾಲ್ಟ್. ಶಾಖ ಇದರ ವೈರಿ. ಕಬ್ಬಿಣವನ್ನು ಸುಮಾರು 770 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಪರಮಾಣುಗಳ ಕುಣಿತಕ್ಕೆ ಸಾಲು ಚದುರಿ, ಅದೇ ಮೊಳೆ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ.

ಹಾಗಿದ್ದರೆ ಒಂದು ಮೊಳೆ ಇನ್ನೊಂದು ಮೊಳೆಯನ್ನು ಯಾಕೆ ಎಳೆಯಲ್ಲ? ಶಾಲೆಯ ಮೈದಾನ ನೆನಪಿಸಿಕೊಳ್ಳಿ. ಪ್ರಾರ್ಥನೆಗೆ ಮುಂಚೆ ಮಕ್ಕಳು ಗುಂಪುಗುಂಪಾಗಿ ನಿಂತಿರುತ್ತಾರೆ. ಒಂದು ಗುಂಪಿನವರೆಲ್ಲ ಗೇಟಿನ ಕಡೆ, ಮತ್ತೊಂದು ಗುಂಪು ಮರದ ಕಡೆ. ಮೊಳೆಯೊಳಗೂ ಹೀಗೇ ವಲಯಗಳಿರುತ್ತವೆ. ವಲಯದೊಳಗೆ ಒಗ್ಗಟ್ಟು, ಆದರೆ ವಲಯಕ್ಕೊಂದು ದಿಕ್ಕು. ಒಟ್ಟಾರೆ ಬಲ ಹೆಚ್ಚುಕಡಿಮೆ ಸೊನ್ನೆ. ಮ್ಯಾಗ್ನೆಟ್ ಹತ್ತಿರ ಬಂದಾಗ ಅದರ ದಿಕ್ಕಿಗೆ ಹೊಂದುವ ವಲಯಗಳು ಪಕ್ಕದವನ್ನು ಒತ್ತರಿಸಿ ಬೆಳೆಯುತ್ತವೆ. ಮೊಳೆಯೇ ತಾತ್ಕಾಲಿಕ ಮ್ಯಾಗ್ನೆಟ್ ಆಗುತ್ತೆ. ಅದರ ಹತ್ತಿರದ ತುದಿ ವಿರುದ್ಧ ಧ್ರುವ, ದೂರದ ತುದಿ ಅದೇ ಧ್ರುವ. ಹತ್ತಿರದ ಸೆಳೆತ ದೂರದ ತಳ್ಳುವಿಕೆಗಿಂತ ಜೋರು, ಹಾಗಾಗಿ ಮೊಳೆ ಟಪ್ ಅಂತ ಅಂಟುತ್ತೆ. ಮ್ಯಾಗ್ನೆಟ್‌ನ ಯಾವ ತುದಿ ಹಿಡಿದರೂ ಹೀಗೇ ಆಗುತ್ತೆ.

ಈಗ ಲೋಟಕ್ಕೆ ಬರೋಣ. ಮಾಮೂಲಿ ಕಬ್ಬಿಣದಲ್ಲಿ ಪರಮಾಣುಗಳು ಘನಾಕೃತಿಯ ಎಂಟು ಮೂಲೆಗಳಲ್ಲಿ ಮತ್ತು ನಟ್ಟನಡುವೆ ಕೂತಿರುತ್ತವೆ. ಅದಕ್ಕೆ ಸುಮಾರು 18% ಕ್ರೋಮಿಯಂ, 8% ನಿಕ್ಕಲ್ ಬೆರೆಸಿದರೆ 304 ಎಂಬ ಸ್ಟೇನ್‌ಲೆಸ್ ಸ್ಟೀಲ್ ಆಗುತ್ತೆ. ಕ್ರೋಮಿಯಂ ಮೇಲ್ಮೈಯಲ್ಲಿ ತೆಳು ಪೊರೆ ಕಟ್ಟಿ ತುಕ್ಕು ತಡೆಯುತ್ತೆ. ನಿಕ್ಕಲ್ ಒಳಗಿನ ಜೋಡಣೆಯನ್ನೇ ಬದಲಿಸಿ, ನಡುವಿನ ಪರಮಾಣುವನ್ನು ಬಿಟ್ಟು ಮೂಲೆಗಳಲ್ಲೂ ಆರು ಮುಖಗಳ ಮಧ್ಯದಲ್ಲೂ ಕೂರಿಸುತ್ತೆ. ಈ ಜೋಡಣೆಯಲ್ಲಿ ಆ ಒಗ್ಗಟ್ಟು ನಿಲ್ಲುವುದಿಲ್ಲ. ತಮಾಷೆ ನೋಡಿ: ನಿಕ್ಕಲ್ ಒಂದೇ ಇದ್ದರೆ ಅಂಟುತ್ತೆ, ಕಬ್ಬಿಣ ಒಂದೇ ಇದ್ದರೂ ಅಂಟುತ್ತೆ, ಈ ಹದದಲ್ಲಿ ಬೆರೆತರೆ ಎರಡೂ ಅಂಟುವುದಿಲ್ಲ.

ಇಲ್ಲಿಗೆ ಅಂಗಡಿಯವರ ಮಾತು ಸರಿ ಅನ್ನಿಸಬಹುದು. ಅದಕ್ಕೆ ಎರಡು ಕಡೆಯಿಂದ ಪೆಟ್ಟು ಬೀಳುತ್ತೆ.

ಮೊದಲನೆಯದು, ನಿಕ್ಕಲ್ ದುಬಾರಿ. ಅದರ ಬಹುಪಾಲನ್ನು ತೆಗೆದು ಮ್ಯಾಂಗನೀಸ್ ಹಾಕಿದರೂ ಅದೇ ಜೋಡಣೆ ಸಿಗುತ್ತೆ. ಇದು 200 ಸರಣಿಯ ಸ್ಟೀಲ್. ಇದೂ ಮ್ಯಾಗ್ನೆಟ್‌ಗೆ ಅಂಟಲ್ಲ. ಆದರೆ ಇದರ ಅಗ್ಗದ ನಮೂನೆಗಳಲ್ಲಿ ಕ್ರೋಮಿಯಂ ಕೂಡ ಕಡಿಮೆ ಇರುತ್ತೆ. ಉಪ್ಪು, ಹುಣಸೆಹುಳಿಯ ಸಾರು ರಾತ್ರಿಯೆಲ್ಲ ಇಟ್ಟರೆ ಸಣ್ಣ ಚುಕ್ಕೆಗಳಂತೆ ತುಕ್ಕಿನ ಗುಳಿ ಏಳುವ ಸಾಧ್ಯತೆ 304ಕ್ಕಿಂತ ಹೆಚ್ಚು. ಅಂಗಡಿಯ ಮ್ಯಾಗ್ನೆಟ್‌ಗೆ ಈ ಎರಡರ ನಡುವೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಎರಡನೆಯದು, ಅಂಟಿದ ಮಾತ್ರಕ್ಕೆ ಕಳಪೆ ಅಲ್ಲ. ಜೇಬಿನಿಂದ ಈಗಿನ ಒಂದು ರೂಪಾಯಿ ನಾಣ್ಯ ತೆಗೆದು ಮ್ಯಾಗ್ನೆಟ್ ಹಿಡಿಯಿರಿ, ಅಂಟುತ್ತೆ. ಅದು ಸುಮಾರು 83% ಕಬ್ಬಿಣ, 17% ಕ್ರೋಮಿಯಂ ಇರುವ ಸ್ಟೇನ್‌ಲೆಸ್ ಸ್ಟೀಲ್. ನಿಕ್ಕಲ್ ಇಲ್ಲದ್ದರಿಂದ ಕಬ್ಬಿಣದ ಹಳೆಯ ಜೋಡಣೆ ಹಾಗೇ ಉಳಿದಿದೆ. ಎಷ್ಟೋ ಬೆವರಿನ ಕೈ ದಾಟಿದರೂ ಸುಲಭಕ್ಕೆ ತುಕ್ಕು ಹಿಡಿಯಲ್ಲ. ಅಸಲಿ 304 ಪಾತ್ರೆಯ ಮಡಿಸಿದ ಅಂಚು ಕೂಡ ಮ್ಯಾಗ್ನೆಟ್ ಅನ್ನು ಸ್ವಲ್ಪ ಎಳೆಯಬಹುದು. ತಣ್ಣಗಿದ್ದಾಗಲೇ ಬಡಿದು ಬಗ್ಗಿಸಿದ ಜಾಗದಲ್ಲಿ ಜೋಡಣೆ ಕೊಂಚ ಬದಲಾಗುವುದೇ ಕಾರಣ. ಅಂಚು ಅಂಟಿತು ಅಂತ ಒಳ್ಳೇ ಪಾತ್ರೆ ವಾಪಸ್ ಕೊಟ್ಟವರೂ ಇರಬಹುದು.

ನಷ್ಟ ಆಗುವುದು ಕೊಳ್ಳುವವರಿಗೆ ಮಾತ್ರ ಅಲ್ಲ. ಗುಜರಿ ಆಯುವವರ ಕೈಯಲ್ಲಿರುವ ಉಪಕರಣವೂ ಮ್ಯಾಗ್ನೆಟ್ಟೇ. ಕಬ್ಬಿಣವನ್ನು ತಾಮ್ರ, ಅಲ್ಯೂಮಿನಿಯಂನಿಂದ ಬೇರ್ಪಡಿಸಲು ಅದು ಸಾಕು. ಆದರೆ ನಿಕ್ಕಲ್ ಹೆಚ್ಚಿರುವ ಸ್ಟೀಲ್ ಯಾವುದು, ಮ್ಯಾಂಗನೀಸ್‌ನದು ಯಾವುದು ಅಂತ ಹೇಳಲು ಲೋಹದ ಅಂಶ ಅಳೆಯುವ ಯಂತ್ರ ಬೇಕು. ಅದು ಯಾರ ಹತ್ತಿರ ಇದೆಯೋ ಬೆಲೆ ನಿರ್ಧರಿಸುವ ಅಧಿಕಾರವೂ ಅವರ ಹತ್ತಿರವೇ ಇರುತ್ತೆ.

ಹಾಗಾಗಿ ಪಾತ್ರೆ ಕೊಳ್ಳುವಾಗ ಮ್ಯಾಗ್ನೆಟ್ ಕೇಳುವುದಕ್ಕಿಂತ ತಳದ ಮುದ್ರೆ ನೋಡಿ, ಬಿಲ್‌ನಲ್ಲಿ ಗ್ರೇಡ್ ಬರೆಸಿಕೊಳ್ಳಿ. 2024ರಲ್ಲಿ ಕೇಂದ್ರ ಸರ್ಕಾರ ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯ ಮಾಡುವ ಆದೇಶ ಹೊರಡಿಸಿತು. ಲೋಹದೊಳಗೆ ಏನೇನು ಎಷ್ಟಿದೆ ಎಂಬುದನ್ನು ಕೊಳ್ಳುವವರು ಮನೆಯಲ್ಲಿ ಪತ್ತೆ ಮಾಡಲಾಗದು, ಅದನ್ನು ಪ್ರಯೋಗಾಲಯವೇ ಮಾಡಬೇಕು, ಆ ಮುದ್ರೆಗೆ ಯಾರಾದರೂ ಹೊಣೆ ಹೊರಬೇಕು. ಮ್ಯಾಗ್ನೆಟ್ ಸುಳ್ಳು ಹೇಳುತ್ತಿಲ್ಲ. ಪರಮಾಣುಗಳು ಸಾಲಾಗಿ ನಿಲ್ಲಬಲ್ಲವೋ ಇಲ್ಲವೋ ಅನ್ನುವುದನ್ನಷ್ಟೇ ಅದು ಹೇಳುತ್ತೆ. ಗುಣಮಟ್ಟದ ಸರ್ಟಿಫಿಕೇಟ್ ಅದರ ಕೈಯಿಂದ ಕೊಡಿಸುತ್ತಿರುವುದು ಮಾರುವವರು.