ಕಪಾಟಿನ ಮೇಲಿನ 80 ಎಲ್ಲಿಂದ ಬಂತು?

ಕಳೆದ ಸೆಮ್ ರಜೆಯಲ್ಲಿ ಮೈಸೂರಿಗೆ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಚಿಕ್ಕಮ್ಮ ಅಲ್ಲಿನ ಒಂದು ಆಸ್ಪತ್ರೆಯ ಸರ್ಜಿಕಲ್ ವಾರ್ಡಿಗೆ ಇನ್‌ಚಾರ್ಜ್ ಸಿಸ್ಟರ್. ಭಾನುವಾರ ರಾತ್ರಿ ಊಟಕ್ಕೆ ಕೂತಿದ್ವಿ, ಅವರಿಗೆ ವಾರ್ಡಿನಿಂದ ಫೋನ್ ಬಂತು. ಹೊಟ್ಟೆ ಆಪರೇಷನ್ ಆದ ಒಬ್ಬ ಪೇಷೆಂಟಿನ ಗಾಯ ಸೋರಿ ಪ್ಯಾಡ್ ಪೂರ್ತಿ ಒದ್ದೆಯಾಗಿದೆ, ಬದಲಾಯಿಸೋಕೆ ಕಪಾಟಿನಲ್ಲಿ ಒಂದೂ ಪ್ಯಾಡ್ ಇಲ್ಲ. ಡ್ರೆಸ್ಸಿಂಗ್ ಹೊರಗಿನ ತನಕ ಒದ್ದೆಯಾದ್ರೆ ಹೊರಗಿನ ಬ್ಯಾಕ್ಟೀರಿಯಾಗೆ ಅದೇ ಒಳಗೆ ಹೋಗೋ ದಾರಿ. ಹಾಗಾಗಿ ಇದು ಬೆಳಗ್ಗೆ ನೋಡ್ಕೊಳ್ಳೋಣ ಅನ್ನೋ ಕೆಲಸ ಅಲ್ಲ. ಪಕ್ಕದ ವಾರ್ಡಿನವರು ಇಲ್ಲ ಅಂದ್ರು. ಚಿಕ್ಕಮ್ಮ ನಾಲ್ಕು ಕಡೆ ಫೋನ್ ಮಾಡಿ ಕೊನೆಗೆ ಕ್ಯಾಶುವಾಲ್ಟಿಯಿಂದ ತರಿಸಿದ್ರು.

"ಪ್ರತಿ ಭಾನುವಾರ ಇದೇ ಗೋಳು ಕಣೋ" ಅಂದ್ರು ಚಿಕ್ಕಮ್ಮ, ತಣ್ಣಗಾದ ಸಾರು ಕಲಿಸ್ಕೊಳ್ತಾ.

ನನಗೆ ತಲೆ ಕೆಡಿಸಿದ್ದು ಆ "ಪ್ರತಿ ಭಾನುವಾರ". ಅಚಾನಕ್ಕಾಗಿ ಖಾಲಿಯಾಗೋದಾದ್ರೆ ಯಾವ ದಿನ ಬೇಕಾದ್ರೂ ಆಗಬೇಕಿತ್ತು. ಒಂದೇ ದಿನ ಆಗ್ತಿದೆ ಅಂದ್ರೆ ಲೆಕ್ಕದಲ್ಲೇ ಏನೋ ತಪ್ಪಿದೆ.

ಮೊದಲು ಈ ಕಪಾಟು ಹೇಗೆ ನಡೆಯುತ್ತೆ ಅಂತ ಹೇಳ್ತೀನಿ. ಪ್ರತಿ ಸಾಮಾನಿಗೂ ಕಪಾಟಿನಲ್ಲಿ ಒಂದು ಲೇಬಲ್ ಇರುತ್ತೆ, ಅದರ ಮೇಲೆ ಒಂದು ಸಂಖ್ಯೆ. ಅದೇ ಪಾರ್ ಲೆವೆಲ್. ಸೋಮವಾರ ಮತ್ತು ಗುರುವಾರ ಬೆಳಗ್ಗೆ ಒಬ್ಬ ಸಿಸ್ಟರ್ ಸ್ಟಾಕ್ ಎಣಿಸಿ, ಪಾರ್‌ಗೆ ಎಷ್ಟು ಕಮ್ಮಿ ಇದೆಯೋ ಅಷ್ಟಕ್ಕೆ ಸ್ಟೋರಿಗೆ ಇಂಡೆಂಟ್ ಕಳಿಸ್ತಾರೆ. ಸಾಮಾನು ಮಾರನೇ ದಿನ ಬೆಳಗ್ಗೆ ಬರುತ್ತೆ. ಡ್ರೆಸ್ಸಿಂಗ್ ಪ್ಯಾಡಿನ ಲೇಬಲ್ ಮೇಲೆ 80 ಅಂತ ಇತ್ತು. ಯಾಕೆ 80? "ಸ್ಟೋರಿನವರು ಆರು ತಿಂಗಳಿಗೊಮ್ಮೆ ಲೆಕ್ಕ ಹಾಕಿ ಹಾಕ್ತಾರೆ" ಅಂದ್ರು ಚಿಕ್ಕಮ್ಮ. ಅವರ ಲೆಕ್ಕ ಸಿಂಪಲ್: ಸ್ಟೋರಿನಿಂದ ಈ ವಾರ್ಡಿಗೆ ದಿನಕ್ಕೆ ಸರಾಸರಿ ಎಷ್ಟು ಹೋಗಿದೆಯೋ ನೋಡಿ, ಅದನ್ನ 5ರಿಂದ ಗುಣಿಸೋದು.

ಆ 5 ಮಾತ್ರ ಸರಿಯಾಗಿಯೇ ಇದೆ. ಇಲ್ಲಿ ನಾನೂ ಮೊದಲು ಎಡವಿದೆ. ಗುರುವಾರದಿಂದ ಸೋಮವಾರಕ್ಕೆ 4 ದಿನ, ಹಾಗಾಗಿ 4 ದಿನಕ್ಕೆ ಸಾಕಾಗುವಷ್ಟು ಇದ್ರೆ ಸಾಕು ಅಂದ್ಕೊಂಡೆ. ಆದರೆ ಸೋಮವಾರ ಬರೆದ ಇಂಡೆಂಟ್ ಕೈಗೆ ಸಿಗೋದು ಮಂಗಳವಾರ ಬೆಳಗ್ಗೆ. ಅಂದ್ರೆ ಗುರುವಾರ ಎಣಿಸಿದ ಸ್ಟಾಕು ಮತ್ತು ಅವತ್ತಿನ ಇಂಡೆಂಟು ಸೇರಿ ಗುರು, ಶುಕ್ರ, ಶನಿ, ಭಾನು, ಸೋಮ, ಇಷ್ಟೂ ದಿನ ತಳ್ಳಬೇಕು. ಎರಡು ಇಂಡೆಂಟ್ ನಡುವಿನ ಅಂತರ, ಅದರ ಜೊತೆ ಸಾಮಾನು ಬರೋಕೆ ಹಿಡಿಯೋ ಸಮಯ, ಎರಡನ್ನೂ ಕೂಡಿಸಲೇಬೇಕು.

ತಪ್ಪು ಇದ್ದದ್ದು ಆ ಸರಾಸರಿಯಲ್ಲಿ.

ಕಪಾಟಿನ ಬಾಗಿಲ ಒಳಗಡೆ ಒಂದು ಹಾಳೆ ಅಂಟಿಸಿಕೊಡಿ ಅಂತ ಚಿಕ್ಕಮ್ಮನಿಗೆ ಕೇಳಿದೆ. ದಿನಾ ಬೆಳಗ್ಗೆ ಸ್ಟಾಕ್ ಎಷ್ಟಿದೆ, ಎಷ್ಟು ಬಂತು, ಬೇರೆ ವಾರ್ಡಿನಿಂದ ಎಷ್ಟು ತಂದ್ರಿ, ಬೇರೆಯವರಿಗೆ ಎಷ್ಟು ಕೊಟ್ರಿ, ಇಷ್ಟೇ ಬರೆಯೋದು. ದಿನದ ಶುರುವಿನ ಸ್ಟಾಕಿಗೆ ಬಂದದ್ದನ್ನ ಮತ್ತು ತಂದದ್ದನ್ನ ಕೂಡಿಸಿ, ಕೊಟ್ಟದ್ದನ್ನ ಮತ್ತು ಉಳಿದದ್ದನ್ನ ಕಳೆದ್ರೆ ನಿಜವಾದ ಬಳಕೆ ಸಿಗುತ್ತೆ. ನಾಲ್ಕು ವಾರ ಅವರು ಹಾಳೆಯ ಫೋಟೋ ವಾಟ್ಸಾಪ್ ಮಾಡಿದ್ರು, ನಾನು ಎಕ್ಸೆಲ್‌ಗೆ ತುಂಬಿದೆ. ಒಂದು ವಾರದ ಸರಾಸರಿ ಚಿತ್ರ ಹೀಗೆ ಬಂತು: ಸೋಮ 16, ಮಂಗಳ 14, ಬುಧ 13, ಗುರು 17, ಶುಕ್ರ 27, ಶನಿ 25, ಭಾನು 14. ಒಟ್ಟು 126, ದಿನಕ್ಕೆ 18.

ಶುಕ್ರ-ಶನಿವಾರ ಯಾಕೆ ಅಷ್ಟೊಂದು? ಈ ವಾರ್ಡಿನ ದೊಡ್ಡ ಆಪರೇಷನ್‌ಗಳು ಬುಧವಾರ, ಗುರುವಾರ. ಗಾಯದ ಮೊದಲ ಡ್ರೆಸ್ಸಿಂಗ್ ಬಿಚ್ಚಿ ನೋಡೋದು ಸಾಮಾನ್ಯವಾಗಿ ಒಂದೆರಡು ದಿನ ಆದ್ಮೇಲೆ. ಚಿಕ್ಕಮ್ಮನಿಗೆ ಇದು ಮೊದಲೇ ಗೊತ್ತಿತ್ತು, "ಅಷ್ಟೂ ಗೊತ್ತಿಲ್ವೇನೋ" ಅಂತ ನಕ್ಕರು. ಸ್ಟೋರಿನ ಪುಸ್ತಕಕ್ಕೆ ಗೊತ್ತಿರಲಿಲ್ಲ ಅಷ್ಟೇ.

ಈಗ ಗುರುವಾರದಿಂದ ಸೋಮವಾರದ ತನಕ ಕೂಡಿಸಿ: 17+27+25+14+16, ಅಂದ್ರೆ 99. ಸರಾಸರಿ ನಂಬಿ 18ನ್ನು 5ರಿಂದ ಗುಣಿಸಿದ್ರೆ ಬರೋದು 90. ಲೇಬಲ್ ಮೇಲೆ ಇದ್ದದ್ದು ಅದಕ್ಕಿಂತಲೂ ಕಮ್ಮಿ, 80. ಶನಿವಾರ ರಾತ್ರಿಗೆ 69 ಮುಗಿದಿರುತ್ತೆ, ಭಾನುವಾರಕ್ಕೆ ಉಳಿಯೋದು 11, ಬೇಕಾಗೋದು 14. ಭಾನುವಾರ ರಾತ್ರಿಯ ಫೋನ್ ಇಲ್ಲಿಂದ ಬರ್ತಿತ್ತು.

ಆದ್ರೆ ದಿನಕ್ಕೆ 18 ಬಳಸೋ ವಾರ್ಡಿಗೆ 90 ಬಿಟ್ಟು 80 ಯಾಕೆ ಬಂತು? ಇದೇ ನನಗೆ ಈ ಇಡೀ ವಿಷಯದಲ್ಲಿ ಅತಿ ಇಂಟರೆಸ್ಟಿಂಗ್ ಅನಿಸಿದ್ದು. ನಮ್ಮ ಹಾಳೆಯ ಪ್ರಕಾರ ನಾಲ್ಕು ವಾರದ ಬಳಕೆ 504 ಪ್ಯಾಕೆಟ್. ಅದೇ ನಾಲ್ಕು ವಾರದಲ್ಲಿ ಸ್ಟೋರ್ ಪುಸ್ತಕದಲ್ಲಿ ಈ ವಾರ್ಡಿಗೆ ಕೊಟ್ಟದ್ದು 428. ಉಳಿದ 76 ಪಕ್ಕದ ವಾರ್ಡು, ಕ್ಯಾಶುವಾಲ್ಟಿಗಳಿಂದ ಕೇಳಿ ತಂದದ್ದು. ಅವು ಅವರ ಲೆಕ್ಕಕ್ಕೆ ಸೇರಿಹೋಗಿವೆ. ಖಾಲಿ ಕಪಾಟಿನಿಂದ ಯಾರೂ ಏನೂ ತಗೊಳ್ಳೋಕಾಗಲ್ಲ, ಹಾಗಾಗಿ ಪುಸ್ತಕದಲ್ಲಿ ಆ ದಿನ ಬೇಡಿಕೆಯೇ ಇರಲಿಲ್ಲ ಅನ್ನೋ ಹಾಗೆ ಕಾಣುತ್ತೆ.

ಇದರ ಪರಿಣಾಮ ನೋಡಿ. ಮೊದಲ ಸಲ ಪಾರ್ ಸರಿಯಾಗೇ ಸರಾಸರಿಯಿಂದ 90 ಅಂತ ಇಟ್ಟರು ಅಂದ್ಕೊಳ್ಳಿ. ವಾರಕ್ಕೆ 9 ಕೊರತೆ. ಸ್ಟೋರಿನಿಂದ ಹೋಗೋದು 126 ಅಲ್ಲ, 117. ಆರು ತಿಂಗಳ ನಂತರ ಪುಸ್ತಕ ನೋಡಿ ಲೆಕ್ಕ ಹಾಕಿದ್ರೆ 117ನ್ನು 7ರಿಂದ ಭಾಗಿಸಿ 5ರಿಂದ ಗುಣಿಸಬೇಕು, 84 ಬರುತ್ತೆ. ಪಾರ್ 84 ಆದ್ರೆ ಕೊರತೆ 15ಕ್ಕೆ ಏರುತ್ತೆ, ಹೋಗೋದು 111, ಮುಂದಿನ ಪಾರ್ 79. ಲೇಬಲ್ ಮೇಲಿನ 80 ಹೀಗೇ ಬಂದಿರಬೇಕು. ಹಾಗೇ ಬಿಟ್ಟಿದ್ರೆ ಮುಂದಿನ ಸಲ 76. ಯಾರೂ ಕೂಡಿಸೋದು ಕಳೆಯೋದು ತಪ್ಪು ಮಾಡಿಲ್ಲ, ಆದ್ರೂ ಪ್ರತಿ ಸಲ ಲೆಕ್ಕ ಹಾಕಿದಾಗಲೂ ಕಪಾಟು ಇನ್ನಷ್ಟು ಬರಿದಾಗ್ತಾ ಹೋಗುತ್ತೆ. ಕಂಟ್ರೋಲ್ ಸಿಸ್ಟಮ್ಸ್ ಓದ್ತಿರೋ ಸೀನಿಯರ್‌ಗಳು ಇದನ್ನ ನೋಡಿದ ತಕ್ಷಣ ಗುರುತು ಹಿಡೀತಾರೆ.

ಸರಿ, ಹಾಗಾದ್ರೆ ಎಷ್ಟು ಇಡಬೇಕು? 99 ಇಟ್ಟರೆ ಸಾಲದು. ಅದು ಆ ಐದು ದಿನದ ಸರಾಸರಿ, ಸುಮಾರು ಅರ್ಧ ವಾರಗಳಲ್ಲಿ ಅದಕ್ಕಿಂತ ಹೆಚ್ಚು ಬೇಕಾಗುತ್ತೆ. ನಮ್ಮ ನಾಲ್ಕು ವಾರದಲ್ಲಿ ಆ ಐದು ದಿನದ ಮೊತ್ತ 93, 99, 96, 108 ಬಂದಿತ್ತು. ನಾಲ್ಕೇ ಸಂಖ್ಯೆಯಿಂದ ಸ್ಟ್ಯಾಂಡರ್ಡ್ ಡೀವಿಯೇಷನ್ ತೆಗೆದು ನಂಬೋದು ಧೈರ್ಯದ ಕೆಲಸ. ತೆಗೆದೆ, 6.5 ಬಂತು, ನಂಬಲಿಲ್ಲ. ಮ್ಯಾಥ್ಸ್ ಕ್ಲಾಸಿನ ಪಾಯ್ಸಾನ್ ನೆನಪಾಯ್ತು: ಬೇಡಿಕೆ ಒಂದಕ್ಕೊಂದು ಸಂಬಂಧ ಇಲ್ಲದೆ ಬರ್ತಿದ್ರೆ ಏರಿಳಿತ ಸರಾಸರಿಯ ವರ್ಗಮೂಲದಷ್ಟಿರುತ್ತೆ. 99ರ ವರ್ಗಮೂಲ ಸುಮಾರು 10. ಅದನ್ನೇ ಹಿಡಿದೆ.

```
PAR = 99 + z * 10
z = 1.65  (95%)  ->  116
z = 2.33  (99%)  ->  122
```

ಈ 95% ಕೇಳೋಕೆ ಚೆನ್ನಾಗಿದೆ. ಚಿಕ್ಕಮ್ಮನಿಗೆ ಬಿಡಿಸಿ ಹೇಳಿದೆ: ವರ್ಷಕ್ಕೆ 52 ಗುರುವಾರ, ಅದರಲ್ಲಿ 5% ಅಂದ್ರೆ ಎರಡು ಮೂರು ಸಲ ಖಾಲಿ. 99% ಅಂದ್ರೆ ಎರಡು ವರ್ಷಕ್ಕೆ ಒಂದು ಸಲ. ಆರು ಪ್ಯಾಕೆಟ್ ಹೆಚ್ಚಿಟ್ಟರೆ ಇಷ್ಟು ವ್ಯತ್ಯಾಸ. ಅವರು ಎರಡನೇದು ಅಂದ್ರು. ಎಣಿಸೋಕೆ ಸುಲಭ ಆಗಲಿ ಅಂತ 125 ಮಾಡಿದ್ವಿ. ಯಾವತ್ತೂ ಖಾಲಿ ಆಗಬಾರದು ಅಂದ್ರೆ z ಅನಂತ ಆಗಬೇಕು, ಕಪಾಟು ಅಷ್ಟು ದೊಡ್ಡದಿಲ್ಲ. ಸ್ಟೆರೈಲ್ ಪ್ಯಾಕೆಟ್‌ಗೆ ಎಕ್ಸ್‌ಪೈರಿ ಡೇಟ್ ಬೇರೆ ಇದೆ. ಉಳಿದ ಆ ಒಂದು ಸಲಕ್ಕೆ ಯಾರಿಗೆ ಫೋನ್ ಮಾಡಬೇಕು ಅನ್ನೋದನ್ನ ಬಾಗಿಲ ಮೇಲೆ ಬರೆದಿಡೋದೇ ಸರಿ.

ಗ್ಲೌಸಿನ ಕಥೆ ಬೇರೆ. ಅಲ್ಲಿ ಒಟ್ಟು ಸಂಖ್ಯೆ ಯಾವಾಗಲೂ ಸಾಕಷ್ಟಿತ್ತು, ಕೈಗೆ ಮಾತ್ರ ಸಿಗ್ತಿರಲಿಲ್ಲ. ಲೇಬಲ್ ಮೇಲೆ "ಗ್ಲೌಸ್, 20 ಬಾಕ್ಸ್" ಅಂತ ಒಂದೇ ಪಾರ್. ನಾನು ಹೋಗಿ ನೋಡಿದ ದಿನ 13 ಬಾಕ್ಸ್ ಇದ್ದವು, ಅದರಲ್ಲಿ 11 ಲಾರ್ಜ್. ವಾರ್ಡಿನ ಬಹುತೇಕ ಸಿಸ್ಟರ್‌ಗಳ ಕೈಗೆ ಬೇಕಾದದ್ದು ಸ್ಮಾಲ್ ಮತ್ತು ಮೀಡಿಯಂ. ದೊಡ್ಡ ಗ್ಲೌಸ್ ಹಾಕ್ಕೊಂಡು ಐವಿ ಹಾಕಿ ನೋಡು ಗೊತ್ತಾಗುತ್ತೆ ಅಂದ್ರು ಒಬ್ಬ ಸಿಸ್ಟರ್. ಒಂದೊಂದು ಸೈಜಿಗೂ ಬೇರೆ ಲೇಬಲ್, ಬೇರೆ ಪಾರ್ ಹಾಕಿದ ಮೇಲೆ ಒಟ್ಟು ಬಾಕ್ಸ್ ಕಮ್ಮಿಯೇ ಆಯ್ತು. ಒಡೆದ ಬಾಕ್ಸಲ್ಲಿ ಎಷ್ಟು ಉಳಿದಿದೆ ಅಂತ ಬಗ್ಗಿ ನೋಡೋಕೆ ಯಾರಿಗೂ ಪುರುಸೊತ್ತಿರಲ್ಲ, ಹಾಗಾಗಿ ಎಣಿಸೋವಾಗ ಒಡೆದದ್ದು ಸೊನ್ನೆ ಅಂತ ನಿಯಮ ಮಾಡ್ಕೊಂಡ್ವಿ.

ಗ್ಲೌಸಿನ ಬೇಡಿಕೆ ಒಂದೇ ಪೇಷೆಂಟಿನಿಂದ ಹಾರಿಬಿಡುತ್ತೆ ಅನ್ನೋದು ನನಗೆ ಗೊತ್ತಿರಲಿಲ್ಲ. ಸೋಂಕು ಹರಡಬಾರದು ಅಂತ ಯಾರನ್ನಾದ್ರೂ ಐಸೊಲೇಷನ್‌ನಲ್ಲಿಟ್ಟರೆ ಆ ರೂಮಿಗೆ ಒಳಗೆ ಹೋಗೋ ಪ್ರತಿಯೊಬ್ಬರೂ ಪ್ರತಿ ಸಲ ಹೊಸ ಜೊತೆ ಹಾಕ್ಕೋಬೇಕು. ದಿನಕ್ಕೆ 40 ಸಲ ಹೋದ್ರೆ 80 ಗ್ಲೌಸ್, ನೂರರ ಬಾಕ್ಸ್ ಹತ್ತಿರ ಹತ್ತಿರ ಮುಗೀತು. ಇದಕ್ಕೆ ವರ್ಷಪೂರ್ತಿ ಪಾರ್ ಏರಿಸಿ ಇಡೋದು ದಂಡ. ಆ ಪೇಷೆಂಟ್ ಇರೋಷ್ಟು ದಿನ 5 ಬಾಕ್ಸ್ ಹೆಚ್ಚುವರಿ ಇಂಡೆಂಟ್ ಮಾಡೋದು, ಡಿಸ್ಚಾರ್ಜ್ ಆದ ದಿನ ನಿಲ್ಲಿಸೋದು.

ಹೊಸ ಲೇಬಲ್ ಅಂಟಿಸಿದ ಮೊದಲ ವಾರ ಲೆಕ್ಕ ಇನ್ನೂ ಕೆಟ್ಟಿತು. ಬಳಕೆ ತೀರಾ ಜಾಸ್ತಿ ಬಂತು. ಕಾರಣ ಚಿಕ್ಕಮ್ಮನೇ ಕಂಡುಹಿಡಿದ್ರು: ಡ್ರೆಸ್ಸಿಂಗ್ ಟ್ರಾಲಿಯ ಕೆಳಗಿನ ಡ್ರಾಯರ್‌ನಲ್ಲಿ 22 ಪ್ಯಾಡ್ ಇದ್ದವು, ಭಾನುವಾರಕ್ಕೆ ಅಂತ ನೈಟ್ ಡ್ಯೂಟಿಯವರು ಬಚ್ಚಿಟ್ಟದ್ದು. "ಬೈಯಬೇಡಿ" ಅಂದೆ. "ನಾನ್ಯಾಕೆ ಬೈಲಿ, ನಾನೂ ಇಟ್ಟಿದ್ದೆ" ಅಂದ್ರು. ಕಪಾಟಿನಲ್ಲಿ ಯಾವಾಗಲೂ ಸಿಗುತ್ತೆ ಅಂತ ಗೊತ್ತಾದ ಮೇಲೆ, ಮೂರನೇ ವಾರದ ಹೊತ್ತಿಗೆ ಡ್ರಾಯರ್ ತಾನಾಗೇ ಖಾಲಿಯಾಯ್ತು.

ಪಾರ್ ಸರಿ ಇದೆಯಾ ಅಂತ ತಿಳಿಯೋಕೆ ಈಗ ಒಂದೇ ಸಂಖ್ಯೆ ಬರೆದಿಡ್ತಿದ್ದಾರೆ: ಮಂಗಳವಾರ ಬೆಳಗ್ಗೆ, ಸ್ಟೋರಿನ ಟ್ರಾಲಿ ಬರೋಕೆ ಮುಂಚೆ ಎಷ್ಟು ಪ್ಯಾಡ್ ಉಳಿದಿದೆ. ನಮ್ಮ ಲೆಕ್ಕ ಸರಿಯಿದ್ರೆ 125ರಲ್ಲಿ 99 ಕಳೆದು 26ರ ಆಸುಪಾಸಿನಲ್ಲಿರಬೇಕು. ವಾರಗಟ್ಟಲೆ 50ರ ಮೇಲೇ ಇದ್ರೆ ಪಾರ್ ಇಳಿಸಬಹುದು. ಸೊನ್ನೆ ಆದ್ರೆ ಎಷ್ಟು ಗಂಟೆಗೆ ಖಾಲಿಯಾಯ್ತು, ಆಮೇಲೆ ಎಷ್ಟು ಬೇರೆ ಕಡೆಯಿಂದ ತಂದ್ರು ಅನ್ನೋದನ್ನೂ ಬರೀಬೇಕು, ಇಲ್ಲಾಂದ್ರೆ ಮತ್ತೆ ಅದೇ 80ರ ದಾರಿ.

ಕಳೆದ ನಾಲ್ಕು ಮಂಗಳವಾರದ ಫೋಟೋ ಬಂದಿದೆ: 31, 24, 19, 28. ಆಪರೇಷನ್ ದಿನಗಳನ್ನ ಮುಂದಿನ ತಿಂಗಳಿಂದ ಸೋಮವಾರ, ಮಂಗಳವಾರಕ್ಕೆ ಬದಲಾಯಿಸ್ತಾರಂತೆ. ಚಿಕ್ಕಮ್ಮ ಬಾಗಿಲಿಗೆ ಹೊಸ ಹಾಳೆ ಅಂಟಿಸಿದ್ದಾರೆ.